ಮೂರನೇ ಕಂಬ

ಕಾದರೆ ಅಪ್ಪನ ಕೊನೆಯ ಮಾತು ಕೇಳಲು ಸಿಗದೇ ಹೋಗಬಹುದು, ಹೊರಟರೆ ತಂಗಿಯ ಜೀವವೇ ಹೋಗಬಹುದು. ಬೆಳಗಿನ ಆರಕ್ಕೆ ಪೆಟ್ರೋಲ್ ಬಂಕಿನೊಳಗೆ ಕಾರು ನಿಲ್ಲಿಸಿದ ಅಣ್ಣ ಹೀಗೆ ಲೆಕ್ಕ ಹಾಕುತ್ತಿದ್ದ. ಹೆದ್ದಾರಿಯ ಮಂಜಿನಲ್ಲಿ ಮೊದಲ ದೀಪದ ಕಂಬವಷ್ಟೇ ಕಾಣುತ್ತಿತ್ತು.

"ಹಳೇ ರಸ್ತೇಲಿ ನಿಧಾನಕ್ಕೆ ಹೋಗೋಣ ಅಣ್ಣಾ. ಆಸ್ಪತ್ರೇಲಿ ಅಪ್ಪ ಕಾಯ್ತಿದಾರೆ," ಎಂದಳು ತಂಗಿ.

"ಅದು ಕೆರೆ ಪಕ್ಕದ ರಸ್ತೆ, ಮಂಜು ಇನ್ನೂ ದಟ್ಟ. ಡಿವೈಡರೂ ಇಲ್ಲ, ಎದುರಿಂದ ಲಾರಿ ಬಂದ್ರೆ ಮುಗೀತು. ಮೂರನೇ ಕಂಬ ಕಾಣೋವರೆಗೂ ಗಾಡಿ ತೆಗೀಬಾರದು."

"ಯಾವ ಮಹಾನುಭಾವ ಹೇಳಿದ್ದು?"

"ಅಪ್ಪಾನೇ. ನಲವತ್ತು ವರ್ಷ ಲಾರಿ ಓಡಿಸಿದೋರು."

ತಂಗಿ ಕಿಟಕಿಯ ಗಾಜು ಒರೆಸಿ ಕಂಬಗಳತ್ತ ನೋಡತೊಡಗಿದಳು. ಎಂಟೂವರೆಗೆ ಬಿಸಿಲೇರಿ ಮೂರನೇ ಕಂಬ ಕಂಡಿತು. ಅವರು ಆಸ್ಪತ್ರೆ ತಲುಪುವಷ್ಟರಲ್ಲಿ ಅಪ್ಪನ ಮುಖಕ್ಕೆ ಬಟ್ಟೆ ಹೊದಿಸಿದ್ದರು. ಜೀವ ಹೋಗಿ ಮುಕ್ಕಾಲು ಗಂಟೆಯಾಗಿತ್ತಂತೆ.

ಅಣ್ಣ ಕಳೆದುಕೊಂಡದ್ದು ಅಪ್ಪನ ಕೊನೆಯ ಮಾತನ್ನು. ಉಳಿಸಿಕೊಂಡದ್ದು ಹೆಗಲಿಗೊರಗಿ ಅಳುತ್ತಿದ್ದ ತಂಗಿಯನ್ನು.