ಹತ್ತರಲ್ಲಿ ಮೂರು ಸಲ

ಕಾರ್ಡ್ ಕ್ಲಬ್ಬಿನ ಮೇಲ್ವಿಚಾರಕಿಗೆ ಯಾರ ಮೇಲೂ ನಂಬಿಕೆ ಇರಲಿಲ್ಲ. ಸಂಬಳ ಬರುತ್ತಿದ್ದುದೇ ಅದಕ್ಕೆ. ಹನ್ನೆರಡು ವರ್ಷದಿಂದ ಪರದೆಗಳ ಮುಂದೆ ಕೂತು ಜನರ ಬೆರಳು ನೋಡಿ ನೋಡಿ, ಮನೆಯಲ್ಲಿ ಗಂಡ ಸಕ್ಕರೆ ಡಬ್ಬಕ್ಕೆ ಕೈ ಹಾಕಿದರೂ ಅವಳ ಕಣ್ಣು ಅತ್ತ ಹೊರಳುತ್ತಿತ್ತು. ಆದರೆ ತಮ್ಮನನ್ನೇ ಹಾಗೆ ನೋಡಬೇಕಾದ ದಿನ ಬರುತ್ತದೆಂದು ಅವಳು ಎಣಿಸಿರಲಿಲ್ಲ.

ತಮ್ಮ ಅಲ್ಲೇ ಡೀಲರ್. ಹಣದ ಬದಲು ಚಿಪ್ಸ್ ಎಂಬ ಬಿಲ್ಲೆ ಇಟ್ಟು ಆಡುವ ಪೋಕರ್ ಮೇಜಿನಲ್ಲಿ ಎಲೆ ಹಂಚುವವನು. ಕೆಲಸ ಕೊಡಿಸಿದವಳು ಅವಳೇ. ಈಗ ಅವನ ಮೇಲೆ ದೂರು ಬಂದಿತ್ತು: ಅದೇ ಮೇಜಿನಲ್ಲಿ ಆಡುವ ಗಡಿಯಾರ ರಿಪೇರಿಯವನೊಬ್ಬನ ಜೊತೆ ಶಾಮೀಲಾಗಿದ್ದಾನೆ ಎಂದು. ಕೊಟ್ಟವರು ಹಲ್ಲಿನ ಡಾಕ್ಟರು, ವಾರಕ್ಕೆ ಮೂರು ಮಧ್ಯಾಹ್ನ ತಪ್ಪದೆ ಬರುವ ಗಿರಾಕಿ.

"ಆ ಗಡಿಯಾರದವನ ಕೈಲಿ ಏನೂ ಇರಲ್ಲ, ಆದ್ರೂ ಇದ್ದಬದ್ದ ಚಿಪ್ಸ್ ಎಲ್ಲ ನೂಕ್ತಾನೆ. ನಾನು ಹೆದರಿ ಎಲೆ ಬಿಡ್ತೀನಿ. ನಾನು ಬಿಡ್ತೀನಿ ಅಂತ ಅವನಿಗೆ ಹೆಂಗೆ ಗೊತ್ತಾಗತ್ತೆ? ಡೀಲರ್ ಹಂಚುವಾಗ ನನ್ನ ಎಲೆ ನೋಡಿ ಸನ್ನೆ ಮಾಡ್ತಾನೆ, ಇನ್ನೇನು!"

ಮ್ಯಾನೇಜರ್ ಒಂದೇ ಮಾತು ಹೇಳಿದ್ದ: "ಐದು ಗಂಟೆಯೊಳಗೆ ಇತ್ಯರ್ಥ ಮಾಡಿ ಮೇಡಂ. ಮೋಸ ಸಾಬೀತಾದ್ರೆ ಅವನ ಲೈಸೆನ್ಸ್ ಹೋಗತ್ತೆ. ಈ ಕಸುಬಲ್ಲಿ ಎಲ್ಲೂ ಅವನನ್ನ ಸೇರಿಸಲ್ಲ."

ಅವಳು ಬಾಗಿಲು ಹಾಕಿಕೊಂಡು ಒಂದು ತಿಂಗಳ ಆಟವನ್ನು ಪರದೆಯ ಮೇಲೆ ತಿರುವಿದಳು. ಯಾರ ಕೈಯಲ್ಲಿ ಯಾವ ಎಲೆ ಇತ್ತೆಂದು ಮೇಜಿನ ಯಂತ್ರ ಪ್ರತಿ ಆಟಕ್ಕೂ ದಾಖಲಿಸುತ್ತಿತ್ತು. ಗಡಿಯಾರ ರಿಪೇರಿಯವನು ಹಾಗೆ ನೂಕಿದ್ದು ಹನ್ನೊಂದು ಸಲ. ಹನ್ನೊಂದರಲ್ಲೂ ಸ್ಥಿತಿ ಹೆಚ್ಚುಕಡಿಮೆ ಒಂದೇ. ಮೇಜಿನ ಮಧ್ಯೆ ನಾಲ್ಕು ಎಲೆ ತೆರೆದಿವೆ, ಇನ್ನೊಂದು ಬರಬೇಕು. ಅವನ ಎರಡೂ ಮಧ್ಯದ ಎರಡೂ ಸೇರಿ ಒಂದೇ ಜಾತಿಯ, ಎಲ್ಲವೂ ಆಟೀನ್ ಇಲ್ಲವೇ ಎಲ್ಲವೂ ಇಸ್ಪೀಟಿನಂಥ, ನಾಲ್ಕು ಎಲೆ. ಅದೇ ಜಾತಿಯ ಐದನೆಯದು ಬಂದರೆ ಗೆದ್ದ, ಬಾರದಿದ್ದರೆ ಅವನದು ಬರಿಗೈ.

ಅವಳು ಕಾಗದ ಎಳೆದುಕೊಂಡಳು. ಅವನಿಗೆ ಕಾಣದ ಎಲೆ ನಲವತ್ತಾರು, ಬೇಕಾದ ಜಾತಿಯ ಹದಿಮೂರರಲ್ಲಿ ಉಳಿದವು ಒಂಬತ್ತು. ಐದರಲ್ಲಿ ಒಂದು ಸಲ ಬಂದೀತು. ಮಧ್ಯದ ರಾಶಿಯಲ್ಲಿ ನೂರು ಚಿಪ್ಸ್ ಇದೆ, ಅವನು ನೂಕುವುದೂ ನೂರು ಎಂದಿಟ್ಟುಕೊಂಡರೆ, ಒಂದೂ ಆಸೆಯಿಲ್ಲದ, ಬರೀ ಹೆದರಿಸುವ ಬ್ಲಫ್‌ಗೆ ಎದುರಾಳಿ ಹತ್ತರಲ್ಲಿ ಐದು ಸಲ ಬಿಟ್ಟುಕೊಟ್ಟರೆ ಮಾತ್ರ ಅಸಲು ಹುಟ್ಟುತ್ತದೆ. ಆದರೆ ಜೊತೆಗೆ ಆ ಒಂಬತ್ತು ಎಲೆಯ ಆಸೆ ಇದ್ದರೆ ಹತ್ತರಲ್ಲಿ ಮೂರು ಸಲ ಬಿಟ್ಟರೂ ಸಾಕು. ಬಿಟ್ಟರೆ ರಾಶಿ ಅಲ್ಲೇ ಕೈಗೆ ಬಂತು. ಬಿಡದಿದ್ದರೆ ಕೊನೆಯ ಎಲೆ ಇದೆಯಲ್ಲ! ಎರಡೂ ಕಡೆಯಿಂದ ಕೂಡಿ ಬರುವ ಲಾಭ. ಆಟಗಾರರು ಇದಕ್ಕೆ ಸೆಮಿ-ಬ್ಲಫ್ ಎನ್ನುತ್ತಾರೆ.

ಹನ್ನೊಂದರಲ್ಲಿ ಆರು ಸಲ ಎದುರಾಳಿಗಳು ಬಿಟ್ಟಿದ್ದರು. ಐದು ಸಲ ಬಿಡದೆ ಎದುರು ನಿಂತಿದ್ದರು. ಆ ಐದರಲ್ಲಿ ಇವನು ಗೆದ್ದದ್ದು ಒಂದು, ಸೋತದ್ದು ನಾಲ್ಕು. ಅವಳಿಗೆ ನಗು ಬಂತು. ಎದುರಾಳಿಯ ಎಲೆ ಕದ್ದು ತಿಳಿದವನು ಗಟ್ಟಿ ಕೈ ಹಿಡಿದವರ ಮುಂದೆ ನಾಲ್ಕು ಸಲ ಹೋಗಿ ಮುಗ್ಗರಿಸುತ್ತಾನೆಯೇ? ಗಡಿಯಾರದವನು ಲೆಕ್ಕ ಬಲ್ಲವನು, ಅಷ್ಟೇ. ಎದೆಯ ಮೇಲಿನ ಕಲ್ಲು ಇಳಿದಂತಾಯಿತು.

ಅಲ್ಲಿಗೇ ನಿಲ್ಲಿಸಬೇಕಿತ್ತು. ಆದರೆ ಅನುಮಾನದ ಚಟ ನೋಡಿ, ಅದು ಸುಮ್ಮನಿರಗೊಡುವುದಿಲ್ಲ. ಅವನು ನೂಕಬೇಕಿದ್ದೂ ನೂಕದ ಆಟ ಇದೆಯೇ ಎಂದು ಹುಡುಕಿದಳು. ಸಿಕ್ಕಿತು, ಒಂದೇ ಒಂದು.

ಎದುರಿಗೆ ಅದೇ ಡಾಕ್ಟರು. ಗಡಿಯಾರದವನ ಕಡೆ ಮತ್ತೆ ಒಂದೇ ಜಾತಿಯ ನಾಲ್ಕು, ಈ ಸಲ ಆಟೀನ್, ಅದೇ ನೂರಕ್ಕೆ ನೂರು. ಮಾತಾಡುವ ಸರದಿ ಗಡಿಯಾರದವನದು. ಅವನು ಮೇಜು ತಟ್ಟಿ ಚೆಕ್ ಮಾಡಿದ, ಅಂದರೆ ಏನೂ ನೂಕದೆ ಸರದಿ ದಾಟಿಸಿದ. ಡಾಕ್ಟರು ತಾವೇ ನೂರು ನೂಕಿದರು. ಐದರಲ್ಲೊಂದು ಆಸೆಗೆ ಅದು ದುಬಾರಿ. ಇವನು ಎಲೆ ಬಿಟ್ಟ. ಡಾಕ್ಟರ ಕೈ ಸೇರಿ ಮೂರು ರಾಜ ಆಗಿದ್ದವು. ಅಂಥ ಕೈ ಹಿಡಿದವರು ಸತ್ತರೂ ಬಿಡುವುದಿಲ್ಲ. ಬಿಡದವರ ಮುಂದೆ ಹೆದರಿಸಿ ಪ್ರಯೋಜನವಿಲ್ಲ, ನಿಜ. ಆದರೆ ಬಿಡುವುದಿಲ್ಲ ಎಂದು ಅವನಿಗೆ ಹೇಗೆ ಗೊತ್ತಾಯಿತು?

ಹಿಂದಕ್ಕೆ ಓಡಿಸಿ ಮತ್ತೆ ನೋಡಿದಳು. ಮೇಲಿನ ಕ್ಯಾಮೆರಾದಲ್ಲಿ ಕಾಣುವುದು ಮೇಜಿನ ಮಧ್ಯಭಾಗ ಮತ್ತು ಡೀಲರನ ಕೈಗಳು ಮಾತ್ರ. ನಾಲ್ಕನೆಯ ಎಲೆ ತೆರೆದಿಟ್ಟ ತಮ್ಮ, ಕೋಟಿನ ಬಲತೋಳಿನ ಪಟ್ಟಿಯನ್ನು ಎಳೆದುಕೊಂಡ. ಎರಡು ಸಲ.

ಬೇರೆ ಆಟಗಳಲ್ಲೂ ಅವನು ಆಗಾಗ ಪಟ್ಟಿ ಎಳೆದುಕೊಂಡಿದ್ದ, ಅಲ್ಲೆಲ್ಲ ಏನೂ ನಡೆದಿರಲಿಲ್ಲ. ಇದು ಸಾಕ್ಷಿಯಾಗಲು ಸಾಲದು. ಪಕ್ಕದ ಕ್ಯಾಮೆರಾದ ಚಿತ್ರ ಬೇರೆ ವಿಭಾಗದಿಂದ ಬರಬೇಕು. ನಾಲ್ಕು ಗಂಟೆಗೆ ಕಳಿಸುತ್ತೇವೆ ಎಂದಿದ್ದರು. ಈಗ ಮೂರೂಕಾಲು.

ಕಾಯಬಹುದಿತ್ತು. ಆದರೆ ಅವಳ ತಲೆಯಲ್ಲಿ ಬೆಳಗಿನಿಂದ ಅದೇ ಲೆಕ್ಕ ಓಡುತ್ತಿತ್ತು. ಎಲ್ಲ ಗೊತ್ತಿದೆ ಎಂದು ಹೆದರಿಸಿದರೆ ತಮ್ಮ ತಾನಾಗಿಯೇ ಹೊರಟಾನು; ಲೈಸೆನ್ಸ್ ಉಳಿಯುತ್ತದೆ, ಅವಳ ಕುರ್ಚಿಯೂ ಉಳಿಯುತ್ತದೆ. ಹೆದರದಿದ್ದರೆ ನಾಲ್ಕು ಗಂಟೆಯ ಚಿತ್ರ ಇದ್ದೇ ಇದೆ. ಅವನ ಒಳ್ಳೆಯದಕ್ಕೇ ಎಂದು ತನಗೆ ತಾನೇ ಹೇಳಿಕೊಂಡು ಕರೆಸಿದಳು.

ತಮ್ಮ ಕೆಲಸದ ಕೋಟು ಹಾಕಿಕೊಂಡೇ ಬಂದ. "ಏನಕ್ಕ, ಊಟ ಆಯ್ತಾ?"

"ಬಾಗಿಲು ಹಾಕು. ಗಡಿಯಾರದವನ ವಿಷಯ. ಮೂರು ರಾಜರ ಆಟ. ಎಲ್ಲ ನೋಡಿದೀನಿ."

"ಎಲ್ಲ ಅಂದ್ರೆ?"

"ಎರಡೂ ಕ್ಯಾಮೆರಾದಲ್ಲಿ. ನೀನು ತೋಳು ಎಳ್ಕೊಂಡಿದ್ದು, ಅವನು ನೂಕದೆ ನಿಂತಿದ್ದು, ಎಲ್ಲ." ಅವಳ ದನಿ ಚೂರೂ ನಡುಗಲಿಲ್ಲ. "ನೀನಾಗೇ ಕೆಲಸ ಬಿಟ್ಟು ಹೋದ್ರೆ ದೂರು ಇಲ್ಲಿಗೇ ಮುಗಿಯತ್ತೆ. ಇಲ್ಲಾಂದ್ರೆ ನಾನೇ ಬರೆದು ಕೊಡ್ಬೇಕಾಗತ್ತೆ."

ಅವನು ಜಗಳಕ್ಕೆ ಬರಲಿ ಎಂದು ಅವಳ ಒಳಗೊಳಗೇ ಆಸೆಯಿತ್ತು. ಮೇಜು ಗುದ್ದಲಿ, ತೋರಿಸು ಎಂದು ಕೇಳಲಿ. ಆದರೆ ಅವನು ಅವಳ ಮುಖ ನೋಡುತ್ತ ನಿಂತ. ಚಿಕ್ಕವನಿದ್ದಾಗ ತಾನು ಒಡೆಯದ ಲೋಟಕ್ಕೆ ಬೈಸಿಕೊಂಡು ಹೀಗೇ ನಿಲ್ಲುತ್ತಿದ್ದ.

"ಎಲ್ಲ ನೋಡಿದ ಮೇಲೂ ನಿನಗೆ ಹಂಗೇ ಕಂಡಿದ್ರೆ, ನಾನಿನ್ನೇನು ಹೇಳ್ಲಿ ಅಕ್ಕ?" ಎಂದ. "ಬೇರೆ ಯಾರಾದ್ರೂ ಆಗಿದ್ರೆ ವಾದ ಮಾಡ್ತಿದ್ದೆ."

ಅವಳು ಮುಂದಿಟ್ಟ ಕಾಗದಕ್ಕೆ ಸಹಿ ಹಾಕಿದ. ಕೋಟು ಬಿಚ್ಚಿ ಕುರ್ಚಿಗೆ ನೇತುಹಾಕಿ, ಗುರುತಿನ ಚೀಟಿ ಮೇಜಿನ ಮೇಲಿಟ್ಟು ಹೊರಟುಹೋದ. ಅವಳು ಗೆದ್ದಿದ್ದಳು.

ನಾಲ್ಕಕ್ಕೆ ಪಕ್ಕದ ಕ್ಯಾಮೆರಾದ ಚಿತ್ರ ಬಂತು. ನಾಲ್ಕನೆಯ ಎಲೆ ಬಿದ್ದ ಕ್ಷಣದಲ್ಲೇ, ಸರದಿ ಇನ್ನೂ ಬರದಿದ್ದರೂ, ಡಾಕ್ಟರು ಆತುರಕ್ಕೆ ಚಿಪ್ಸ್ ರಾಶಿಯನ್ನು ಎರಡೂ ಕೈಯಲ್ಲಿ ಬಾಚಿ ಹಿಡಿದು ಮುಂದೆ ಬಾಗಿದ್ದರು. ಚೆಕ್ ಮಾಡುವ ಮುನ್ನ ಗಡಿಯಾರದವನು ಕಣ್ಣೆತ್ತಿ ಅದನ್ನೇ ನೋಡಿದ್ದ. ಈ ಮನುಷ್ಯ ಈ ಸಲ ಬಿಡುವುದಿಲ್ಲ ಎಂದು ಕುರುಡನಿಗೂ ತಿಳಿಯುವಂತಿತ್ತು. ಅವನು ಒಮ್ಮೆಯೂ ಡೀಲರನತ್ತ ತಿರುಗಿರಲಿಲ್ಲ.

ಮ್ಯಾನೇಜರ್ ಬಾಗಿಲಲ್ಲಿ ತಲೆ ಹಾಕಿದ. "ಸಹಿ ಮಾಡಿದ್ನಂತೆ? ನೀವು ಬಿಡಿ ಮೇಡಂ, ಗಟ್ಟಿಗಿತ್ತಿ."

ಅವಳು ಪರದೆಯನ್ನು ಅವನತ್ತ ತಿರುಗಿಸಿ, "ಇದನ್ನ ನೋಡಿ. ಅವನು ತಪ್ಪು ಮಾಡಿಲ್ಲ. ನಾನು ಸುಳ್ಳು ಹೇಳಿ ಸಹಿ ಹಾಕಿಸ್ಕೊಂಡೆ," ಎಂದಳು. ಮ್ಯಾನೇಜರ್ ಚಿತ್ರ ನೋಡಿದ, ಕಾಗದ ನೋಡಿದ. "ತಪ್ಪಿಲ್ಲದಿದ್ರೆ ಯಾಕೆ ಬಿಟ್ಟು ಹೋದ ಮತ್ತೆ?" ಎಂದ.

ಅವಳು ತಮ್ಮನಿಗೆ ಫೋನ್ ಮಾಡಿದಳು. ರಿಂಗ್ ಆಗುತ್ತಲೇ ಇತ್ತು, ಅವನು ಎತ್ತಲಿಲ್ಲ. ಕಿವಿಗೆ ಫೋನ್ ಒತ್ತಿಕೊಂಡೇ ಕುರ್ಚಿಯ ಮೇಲಿನ ಕೋಟನ್ನು ಎತ್ತಿಕೊಂಡಳು. ಬಲತೋಳಿನ ಪಟ್ಟಿಯಲ್ಲಿ ಗುಂಡಿ ಇರಲಿಲ್ಲ; ಒಂದು ಪಿನ್ನು ಚುಚ್ಚಿತ್ತು. ಆ ಗುಂಡಿ ಒಂದು ತಿಂಗಳಿನಿಂದ ಅವಳ ಕೈಚೀಲದಲ್ಲೇ ಇತ್ತು. ಹೊಲಿದು ಕೊಡ್ತೀನಿ ಕಣೋ, ಮನೆಗೆ ಬಂದಾಗ ಕೋಟು ತಾ, ಎಂದು ಅವಳೇ ಇಸಿದುಕೊಂಡಿದ್ದಳು.