ತಿಳಿಯಾಗದ ಗಂಜಿ

ಮಗಳ ಕಣ್ಣು ನೆಟ್ಟಗಾದರೆ ವರ್ಷವಿಡೀ ಏಕಾದಶಿಗೆ ಧಾನ್ಯ ಮುಟ್ಟುವುದಿಲ್ಲ ಎಂದು ಮುಕ್ತಾಬಾ ಹರಕೆ ಹೊತ್ತಿದ್ದರು. ಕಣ್ಣು ನೆಟ್ಟಗಾಗಿತ್ತು; ಇವತ್ತಿನದು ಆ ವರ್ಷದ ಕೊನೆಯ ಏಕಾದಶಿ. ಮಧ್ಯಾಹ್ನ ಮಗಳೂ ಬರುವವಳಿದ್ದಳು. ನಡುವೆ ಎಲ್ಲಾದರೂ ವ್ರತ ಕೆಟ್ಟರೆ ಮತ್ತೆ ಮೊದಲಿನಿಂದ ಶುರು ಎಂದು ಅವರೇ ದೇವರ ಮುಂದೆ ಹೇಳಿದ್ದರು.

ಸೊಸೆ ರಸೀಲಾ ಅವರನ್ನು ಗುಜರಾತಿ ರೂಢಿಯಂತೆ 'ಬಾ', ಅಂದರೆ ಅಮ್ಮ, ಎಂದೇ ಕರೆಯುತ್ತಿದ್ದಳು. ಅವಳು ವ್ರಜಲಾಲನ ಫರ್ಸಾಣ್, ಅಂದರೆ ಕರಿದ ತಿಂಡಿಗಳ, ಅಂಗಡಿಯಿಂದ ಉಪವಾಸದ ಆಲೂಗಡ್ಡೆ ಪ್ಯಾಟೀಸ್ ತಂದಳು. ಬಾ ಒಂದನ್ನು ಮುರಿದು ಮೂಸಿ ತಟ್ಟೆ ಆಚೆ ಸರಿಸಿದರು. ಹೊರಗಿನ ಪದರ ಬಿಗಿಯಾಗಿ ಅಂಟಿಕೊಂಡಿತ್ತು. ಆಲೂಗಡ್ಡೆ ಹಾಗೆ ನಿಲ್ಲಬೇಕಾದರೆ ಏನೋ ಹಿಟ್ಟು ಕಲಸಿರಬೇಕು. ಆರಾರೂಟಾದರೆ ಸರಿ, ಅದು ಗೆಡ್ಡೆಯದು. ಆದರೆ ಪಕ್ಕದ ಬೀದಿಯ ಅಂಗಡಿಯೊಂದರಲ್ಲಿ ಕಾರ್ನ್‌ಫ್ಲೋರ್ ಹಾಕುತ್ತಾರೆಂದು ಸುದ್ದಿ ಹಬ್ಬಿತ್ತು. ಮೆಕ್ಕೆಜೋಳ ಧಾನ್ಯವೇ.

ರಸೀಲಾ ಮತ್ತೆ ಅಂಗಡಿಗೆ ಹೋದಳು. ಉಪವಾಸದ ಬಾಣಲೆ ಬೇರೆಯೇ ಇತ್ತು, ಎಣ್ಣೆಯೂ ಬೇರೆ. ಡಬ್ಬಿಯಲ್ಲಿ ಸೈಂಧವ ಲವಣ. ಆದರೂ ಅವಳ ಕಣ್ಣು ಒಳಗಿನ ಹಿಟ್ಟಿನ ಚೀಲದ ಮೇಲೇ ಇತ್ತು. ಬೇರೆ ಗಿರಾಕಿಗಳ ಎದುರೇ ಅದರಲ್ಲೇನಿದೆ ಎಂದು ಕೇಳಿಬಿಟ್ಟಳು.

ವ್ರಜಲಾಲ ಕೋಪ ಮಾಡಿಕೊಳ್ಳಲಿಲ್ಲ. ಅದರಿಂದ ಒಂದು ಹಿಡಿ ಹಿಟ್ಟು ಪೊಟ್ಟಣ ಕಟ್ಟಿ ಕೊಟ್ಟ.

"ನಾನು ಹೇಳೋದು ನಂಬಬೇಡಿ, ರಸೀಲಾಬೆನ್. ನೀರಲ್ಲಿ ಕದಡಿ ಕುದಿಸಿ ನೋಡಿ. ಆರಾರೂಟು ತಿಳಿಯಾಗುತ್ತೆ, ಕಾರ್ನ್‌ಫ್ಲೋರು ಬಿಳಿಯಾಗೇ ಉಳಿಯುತ್ತೆ."

ಬಾ ತಾವೇ ಒಲೆಯ ಮುಂದೆ ನಿಂತರು. ಕುದಿ ಬಂದು ಗಟ್ಟಿಯಾಗುತ್ತಿದ್ದಂತೆ ಬಿಳುಪು ಕರಗಿ, ಗಂಜಿಯ ಮೂಲಕ ಪಾತ್ರೆಯ ತಳ ಕಂಡಿತು. ರಸೀಲಾ ನೆಮ್ಮದಿಯ ಉಸಿರು ಬಿಟ್ಟಳು. ಬಾ ಬಿಡಲಿಲ್ಲ, ಹೋಲಿಸಲು ಇನ್ನೊಂದು ಬೇಕೆಂದು ಮನೆಯ ಆರಾರೂಟಿನ ಡಬ್ಬಿಯಿಂದಲೂ ಒಂದು ಚಮಚ ತೆಗೆದು ಕುದಿಸಿದರು.

ಅದು ಬಿಳಿಯಾಗಿಯೇ ಉಳಿಯಿತು. ಎಷ್ಟು ಕದಡಿದರೂ ಅಷ್ಟೇ.

ಹೊರಗಿನದು ನಂಬಬಾರದೆಂದು ಹಿಂದಿನ ಏಕಾದಶಿಗೆ ರಸೀಲಾ ಮನೆಯಲ್ಲೇ ಪ್ಯಾಟೀಸ್ ಕರಿದಿದ್ದಳು, ಇದೇ ಡಬ್ಬಿಯ ಹಿಟ್ಟಿನಲ್ಲಿ. ದಿನಸಿ ಅಂಗಡಿಯವನು ಚೀಲದಿಂದ ತೂಗಿ ಕೊಟ್ಟಾಗ ಬೆಳ್ಳಗಿದೆ, ನುಣ್ಣಗಿದೆ ಎಂದು ನೋಡಿದ್ದಳೇ ಹೊರತು ಬೇರೇನೂ ಕೇಳಿರಲಿಲ್ಲ.

"ಬಾ, ನನ್ನಿಂದಲೇ ವ್ರತ ಕೆಟ್ಟಿತು," ಎಂದಳು. ಕಣ್ಣೆತ್ತಲಿಲ್ಲ.

ಮುಕ್ತಾಬಾ ಒಲೆ ಆರಿಸಿದರು. ಒಂದು ವರ್ಷ ಮತ್ತೆ ಎಂದರೆ ಅವರ ವಯಸ್ಸಿಗೆ ಸಣ್ಣದಲ್ಲ. ಎರಡೂ ಪಾತ್ರೆಗಳನ್ನು ಕೆಳಗಿಳಿಸಿದರು. ಆಮೇಲೆ ಬಿಳಿ ಗಂಜಿಯನ್ನು ಚೆಲ್ಲಿದರು.

"ಮಾತು ಕೊಟ್ಟವಳು ನಾನು. ಇವತ್ತಿಂದ ಲೆಕ್ಕ ಹೊಸದು. ನನ್ನ ಮಗಳಿಗೆ ಹೇಳಬೇಡ, ಅಳ್ತಾಳೆ."

"ಮತ್ತೆ ತಿಂಡಿ, ಬಾ?"

"ಆ ತಟ್ಟೆ ಇತ್ತ ತಾ, ತಣ್ಣಗಾಗಿದ್ರೂ ಪರವಾಗಿಲ್ಲ. ಆಮೇಲೆ ನೀನು ವ್ರಜಲಾಲನ ಹತ್ರ ಹೋಗು. ಎಲ್ಲರ ಎದುರು ಕೇಳಿದ್ದೀಯ, ಅವನ ಹಿಟ್ಟು ಶುದ್ಧ ಅಂತ ಎಲ್ಲರ ಎದುರೇ ಹೇಳಿ ಬಾ. ಹಾಗೇ ಅವನ ಚೀಲದಿಂದಲೇ ಒಂದು ಕಿಲೋ ತೂಗಿಸ್ಕೊಂಡು ಬಾ."

ರಸೀಲಾ ಬಾಗಿಲು ದಾಟುವಾಗ ಮತ್ತೆ ಕೂಗಿದರು:

"ತಂದ ಮೇಲೆ ಅದನ್ನೂ ಕುದಿಸಿ ನೋಡೋಣ."