ನಿಝ್ವಾ ಬ್ಯಾಂಕಿನ ಭಾನುವಾರ

ನೀಲಾಂಬಿಕಾ ಆಡೂರಿನಿಂದ ಬೆಳಗಿನ ಬಸ್ಸಿಗೆ ಹೊರಟು, ಹಾನಗಲ್ಲಿನಲ್ಲಿ ಬಸ್ಸು ಬದಲಿಸಿ ಸವಣೂರು ಮುಟ್ಟಿದಾಗ ಹತ್ತೂವರೆಯಾಗಿತ್ತು. ಕೈಚೀಲದಲ್ಲಿ ಗಂಡ ಕೊಟ್ರೇಶನ ಫೋನಿತ್ತು. ಒಮಾನ್ ದೇಶದ ನಿಝ್ವಾದಲ್ಲಿ ಆರು ವರ್ಷ ಜೆಸಿಬಿ ಓಡಿಸಿದ್ದ ಕೊಟ್ರೇಶ, ಇಪ್ಪತ್ತನಾಲ್ಕು ದಿನಗಳ ಹಿಂದೆ ಕ್ಯಾಂಪಿನ ಕೋಣೆಯಲ್ಲಿ ಎದೆನೋವು ಬಂದು ತೀರಿಕೊಂಡಿದ್ದ. ಕಂಪನಿಯವರು ಹೆಣ ಕಳಿಸಿದ್ದರು. ಅದರ ಜೊತೆ ಒಂದು ಸೂಟ್‌ಕೇಸು, ಅದರೊಳಗೆ ಬಟ್ಟೆ, ಒಂದು ಕ್ಷೌರದ ಪೆಟ್ಟಿಗೆ, ಈ ಫೋನು.

ಮುಸ್ತಾಕ ಸಾಹೇಬರ ಮನೆ ಎಲೆತೋಟಗಳ ಕಡೆ ಹೋಗುವ ದಾರಿಯಲ್ಲಿ. ಹತ್ತೊಂಬತ್ತು ವರ್ಷ ಅದೇ ನಿಝ್ವಾದಲ್ಲಿ ಡ್ರೈವರ್ ಆಗಿದ್ದು ಮರಳಿ ಬಂದವರು. ಊರಿನಿಂದ ಗಲ್ಫಿಗೆ ಹೋದವರ ಅರಬ್ಬಿ ಕಾಗದ ಬಂದರೆ ಓದಲಿಕ್ಕೆ ಸುತ್ತಲಿನವರು ಇವರಲ್ಲಿಗೇ ಬರುವುದು.

ಅವರು ಕನ್ನಡಕ ಏರಿಸಿ ಫೋನಿನಲ್ಲಿದ್ದ ಸಂದೇಶ ಓದಿದರು. "ಬ್ಯಾಂಕಿನ ಬ್ರಾಂಚಿಂದವ್ವಾ. ಬರೋ ಭಾನುವಾರ ಹತ್ತಕ್ಕ ಬರ್ರಿ, ಹೊಸಾ ಗುರುತಿನ ಕಾರ್ಡ್ ತಗೊಂಡು ಬರ್ರಿ, ಇಲ್ಲಂದ್ರ ಖಾತೆ ನಿಲ್ತೇತಿ ಅಂತ ಐತಿ. ಅಲ್ಲೆ ಭಾನುವಾರ ಸೂಟಿ ಇಲ್ಲ. ಶುಕ್ರವಾರ, ಶನಿವಾರ ಸೂಟಿ."

"ಅದನ್ನ ಮುಂದ ಹಾಕಸ್ರಿ ಕಾಕಾ," ಎಂದಳು ನೀಲಾಂಬಿಕಾ. "ಒಂದು ತಿಂಗಳು ಮುಂದ."

"ಯಾರು ಹೋಗವ್ರು ಅಲ್ಲಿಗೆ?"

ಅವಳು ನೆಲ ನೋಡಿದಳು. ಅದು ಮೈದುನ ರವಿಕುಮಾರ ಹೇಳಿಕೊಟ್ಟಿದ್ದ ಮಾತು. ಕೊಟ್ರೇಶನ ಎಟಿಎಂ ಕಾರ್ಡು ಅವನ ಕೋಣೆಯ ಗೆಳೆಯ ಸುದೀಪನ ಹತ್ತಿರ ಉಳಿದಿತ್ತು. ಗುಪ್ತ ಸಂಖ್ಯೆಯೂ ಅವನಿಗೆ ಗೊತ್ತಿತ್ತು. ಖಾತೆ ಒಂದು ತಿಂಗಳು ನಡೆದರೆ ಸುದೀಪ ಸ್ವಲ್ಪ ಸ್ವಲ್ಪ ತೆಗೆದು ಕಳಿಸುತ್ತಾನೆ. ಸತ್ತ ಸುದ್ದಿ ಬ್ಯಾಂಕಿಗೆ ಮುಟ್ಟಿದರೆ ಎಲ್ಲ ಬಂದ್. ಸುದೀಪನಿಗೆ ಸೈಟಿನ ಅರಬ್ಬಿ ಬಿಟ್ಟರೆ ಬೇರೆ ಬಾರದು. ಹಾಗಾಗಿ ಇಲ್ಲಿಂದಲೇ ಫೋನು ಮಾಡಿಸು, ತೀರಿಕೊಂಡದ್ದು ಮಾತ್ರ ಹೇಳಿಸಬೇಡ ಎಂದಿದ್ದ ರವಿಕುಮಾರ. ಅವಳು ಅದನ್ನೆಲ್ಲ ಮುಚ್ಚಿಡದೆ ಹೇಳಿದಳು.

ಮುಸ್ತಾಕ ಸಾಹೇಬರು ಕನ್ನಡಕ ತೆಗೆದರು.

"ಸತ್ತವರ ಕಾರ್ಡ್‌ನ್ಯಾಗ ರೊಕ್ಕ ತಗದ್ರ ಆ ಹುಡುಗ ಜೈಲಿಗೆ ಹೋಗ್ತಾನವ್ವಾ. ಯಂತ್ರದ ಮುಂದ ಕ್ಯಾಮೆರಾ ಇರ್ತಾವ."

"ರವಿ ಹಂಗೇನಾಗಂಗಿಲ್ಲ ಅಂತಾನ್ರಿ. ನನಗೇನೂ ತಿಳೀವಲ್ದು. ನೀವು ತಾರೀಖು ಅಷ್ಟ ಕೇಳ್ರಿ."

ಅವರು ಸಂದೇಶದಲ್ಲಿದ್ದ ಬ್ರಾಂಚಿನ ನಂಬರು ಒತ್ತಿ ಸ್ಪೀಕರಿಗೆ ಹಾಕಿದರು. ಇಲ್ಲಿ ಹನ್ನೊಂದಾಗಿತ್ತು, ಅಲ್ಲಿ ಒಂಬತ್ತೂವರೆ. ನಾಲ್ಕು ರಿಂಗಿನ ಮೇಲೆ ಒಬ್ಬ ಗಂಡಸು ಎತ್ತಿದ.

"ಅಸ್ಸಲಾಮು ಅಲೈಕುಮ್," ಎಂದರು ಮುಸ್ತಾಕ ಸಾಹೇಬರು.

"ವ ಅಲೈಕುಮ್ ಅಸ್ಸಲಾಮ್ ವ ರಹ್ಮತುಲ್ಲಾಹ್."

"ಸಬಾಹುಲ್ ಖೈರ್."

"ಸಬಾಹುನ್ನೂರ್."

ಶುಭೋದಯವಾಯಿತು. ಆ ಮೇಲೆ ಆ ಕಡೆಯವನು ಹೇಗಿದ್ದೀರಿ ಎಂದ, ಇವರು ಅಲ್ಹಮ್ದುಲಿಲ್ಲಾಹ್, ದೇವರ ದಯೆ ಎಂದರು. ಇವರು ಕೇಳಿದರು, ಅವನು ಹೇಳಿದ. ಮನೆಯವರು? ಅಲ್ಹಮ್ದುಲಿಲ್ಲಾಹ್. ಕೊನೆಗೆ ಅವನು, "ಉಲೂಮ್?" ಎಂದ. ಏನು ಸಮಾಚಾರ ಎಂಬ ಪ್ರಶ್ನೆ. ಒಮಾನಿನಲ್ಲಿ ಅದಕ್ಕೆ ಉತ್ತರ ಒಂದೇ. ಮನೆಗೆ ಬೆಂಕಿ ಬಿದ್ದಿದ್ದರೂ ಮೊದಲು ಹಾಗೆಯೇ ಹೇಳಬೇಕು; ಉಳಿದದ್ದು ಆಮೇಲೆ. ಮುಸ್ತಾಕ ಸಾಹೇಬರ ಬಾಯಿಂದ ಹತ್ತೊಂಬತ್ತು ವರ್ಷದ ರೂಢಿ ತಾನೇ ಹೊರಬಿತ್ತು.

"ಅಲ್ ಉಲೂಮ್ ತಯ್ಯಿಬಾ." ಸಮಾಚಾರವೆಲ್ಲ ಒಳ್ಳೆಯದೇ.

ನಂತರ ವಿಷಯಕ್ಕೆ ಬಂದರು. "ಲೌ ಸಮಹ್ತ್, ತಮಗೆ ತೊಂದರೆ ಕೊಡುತ್ತಿದ್ದೇನೆ. ಭಾನುವಾರ ಹತ್ತು ಗಂಟೆಗೆ ಒಂದು ಮೌಇದ್ ಇದೆ. ಅದನ್ನು ಒಂದು ತಿಂಗಳು ಮುಂದೆ ಹಾಕಬೇಕಾಗಿತ್ತು. ಹೆಸರು ಕೊಟ್ರೇಶ. ಇಂಡಿಯಾದವರು."

ಮೌಇದ್ ಎಂದರೆ ಗೊತ್ತುಮಾಡಿದ ಭೇಟಿ. ಆ ಪದವನ್ನು ನೀಲಾಂಬಿಕಾ ಗುರುತಿಸಿದಳು. ಕೊಟ್ರೇಶ ಫೋನಿನಲ್ಲಿ ಆಗಾಗ ಹೇಳುತ್ತಿದ್ದ.

ಆ ಕಡೆಯವನು ನಕ್ಕ. ಏನೋ ಉದ್ದಕ್ಕೆ ಹೇಳಿದ. ಮುಸ್ತಾಕ ಸಾಹೇಬರು ನಗಲಿಲ್ಲ. ಫೋನಿನ ಮೇಲೆ ಅಂಗೈ ಇಟ್ಟು ಅವಳತ್ತ ತಿರುಗಿದರು.

"ಸಲೀಮ್ ಅಂತ ಇವ್ರ ಹೆಸರು. ನಿನ್ನ ಗಂಡನ ಗುರ್ತಾ ಐತಂತ. ಎರಡು ಸಲ ರಜಾ ಸಿಗಲಿಲ್ಲಂತ ತಾನ ಫೋನ್ ಮಾಡಿ ತಾರೀಖು ಮುಂದ ಹಾಕಿಸಿದ್ದನಂತ. ಮೂರನೇ ಸಲ ಕೇಳಂಗಿಲ್ಲ, ಈ ಸಲ ಖರೇನ ಬರ್ತೇನಿ ಅಂದಿದ್ದನಂತ. ಈಗ ಇವ್ರು ಮುಂದಿನ ತಿಂಗಳು ಒಂದು ಬುಧವಾರ ಕೊಡ್ತೇನಿ ಅಂತಾರ, ಆದ್ರ ಕೊಟ್ರೇಶ ಚಲೋ ಅದಾನಿಲ್ಲೋ ಅಂತ ಕೇಳಾಕತ್ತಾರ."

ನೀಲಾಂಬಿಕಾ ಫೋನಿನತ್ತ ನೋಡಿದಳು. ಅವಳಿಗೆ ಕೊಟ್ರೇಶ ಬ್ಯಾಂಕಿನವನೊಡನೆ ಮಾತಾಡುವುದು ಕಣ್ಣಿಗೆ ಕಟ್ಟಿತು: ಜೆಸಿಬಿಯ ಪಕ್ಕ ನಿಂತು, ಬೆವರು ಒರೆಸಿಕೊಂಡು, ಕಲಿತ ನಾಲ್ಕು ಮಾತಿನಲ್ಲಿ ಕ್ಷಮಿಸಿ ಎಂದು ಕೇಳುವುದು. ಮಾತು ಕೊಟ್ಟು ತಪ್ಪಿದವನ ಹೆಸರಿನಲ್ಲಿ ಈಗ ತಾನು ಮತ್ತೊಂದು ಸುಳ್ಳು ಹೇಳಿಸಬೇಕು. ಬುಧವಾರವೂ ಆ ಮನುಷ್ಯ ದಾರಿ ಕಾಯುತ್ತಾನೆ.

"ಏನು ಹೇಳ್ಲಿ?" ಎಂದರು ಮುಸ್ತಾಕ ಸಾಹೇಬರು. "ನಾ ಆಗಲೇ ಎಲ್ಲಾ ಚಲೋ ಐತಿ ಅಂದೇನಿ. ಸುಮ್ಮನ ಬುಧವಾರ ಒಪ್ಕೊಂಡು ಇಟ್ರೂ ನಡೀತೇತಿ."

ಫೋನಿನಿಂದ, "ಅಲೋ? ಅಲೋ?" ಎಂಬ ದನಿ.

"ಹೇಳ್ರಿ ಕಾಕಾ," ಎಂದಳು ನೀಲಾಂಬಿಕಾ. "ಅವ್ರು ಬರಂಗಿಲ್ಲಂತ ಹೇಳಿಬಿಡ್ರಿ."

ಮುಸ್ತಾಕ ಸಾಹೇಬರು ಗಂಟಲು ಸರಿಮಾಡಿಕೊಂಡರು. ಮೊದಲು ಕ್ಷಮೆ ಕೇಳಿದರು. ಆಮೇಲೆ ಎರಡೇ ವಾಕ್ಯ. ಅಲ್ಲಿ ಅವನು ಒತ್ತುತ್ತಿದ್ದ ಕಂಪ್ಯೂಟರಿನ ಕೀಲಿಮಣೆಯ ಸದ್ದು ನಿಂತಿತು.

ಸಲೀಮ್ ತಗ್ಗಿದ ದನಿಯಲ್ಲಿ, "ಅಹ್ಸನಲ್ಲಾಹು ಅಝಾಅಕುಮ್," ಎಂದ. ದೇವರು ನಿಮಗೆ ಸಮಾಧಾನ ಕೊಡಲಿ. ಮತ್ತೆ ಕೆಲಸದ ಮಾತಾಡಿದ. ಖಾತೆಯಲ್ಲಿ ಏನಿದೆ ಎಂಬುದನ್ನು ತಾನು ಫೋನಿನಲ್ಲಿ ಹೇಳುವಂತಿಲ್ಲ. ಸುದ್ದಿ ತಿಳಿದ ಮೇಲೆ ಖಾತೆಯನ್ನು ನಿಲ್ಲಿಸದೆ ಬೇರೆ ದಾರಿಯಿಲ್ಲ. ಭಾನುವಾರದ ಮೌಇದ್ ರದ್ದು. ಮರಣ ಪತ್ರ, ವಾರಸುದಾರರ ಪ್ರಮಾಣಪತ್ರ, ಅಲ್ಲಿ ಅವರ ಪರವಾಗಿ ಬರುವವರಿಗೆ ಕೊಟ್ಟ ಅಧಿಕಾರ ಪತ್ರ, ಎಲ್ಲವೂ ಅರಬ್ಬಿಗೆ ಅನುವಾದವಾಗಿ, ಮುದ್ರೆ ಬಿದ್ದು ಬರಬೇಕು. ಆ ಪ್ರತಿನಿಧಿಯ ಹೆಸರಿನಲ್ಲಿ ಎರಡು ತಿಂಗಳ ಮೇಲಿನ ಒಂದು ಮಂಗಳವಾರ ಬರೆದುಕೊಳ್ಳುತ್ತೇನೆ ಎಂದ. ಕಾಗದ ತಡವಾದರೆ ಫೋನು ಮಾಡಿ, ಎಷ್ಟು ಸಲವಾದರೂ ಬದಲಿಸೋಣ ಎಂದ.

ಮಾತು ಅಲ್ಲಿಗೇ ಮುಗಿಯಲಿಲ್ಲ. ಇವರು ಕೃತಜ್ಞತೆ ಹೇಳಿದರು. ಅದು ನನ್ನ ಕರ್ತವ್ಯ ಎಂದ ಅವನು. ಇವರು ಅವನ ತಂದೆತಾಯಿಗೆ ಒಳಿತು ಹಾರೈಸಿದರು. ಅವನು ಕೊಟ್ರೇಶನ ಹೆಂಡತಿಗೆ, ತಾಯಿಗೆ ಸಲಾಮು ಹೇಳಿಸಿದ.

"ಫೀ ಅಮಾನಿಲ್ಲಾಹ್," ಎಂದರು ಮುಸ್ತಾಕ ಸಾಹೇಬರು.

"ಮಅ ಅಸ್ಸಲಾಮಾ. ಫೀ ಅಮಾನಿಲ್ಲಾಹ್."

ಯಾರು ಮೊದಲು ಫೋನು ಇಡಬೇಕೆಂದು ಇಬ್ಬರೂ ಕಾದಂತಿತ್ತು. ಕಡೆಗೆ ಅವನೇ ಇಟ್ಟ.

"ಕಡೀಕ ಇಷ್ಟೊತ್ತು ಏನಂದ್ರು?" ಎಂದಳು ನೀಲಾಂಬಿಕಾ.

"ಹೋಗಿ ಬರ್ತೇನಿ ಅಂತ. ಬರೇ ಅಷ್ಟ. ಅವ್ರಲ್ಲಿ ಅದಕ್ಕ ಹೊತ್ತು ಹಿಡೀತೇತಿ."

ರವಿಕುಮಾರ ಅಂದು ಸಂಜೆ ಅಂಗಳದಲ್ಲಿ ನಿಂತು ಕೂಗಾಡಿದ. "ಒಂದು ಸುಳ್ಳು ಹೇಳಾಕ ಆಗಲಿಲ್ಲೇನು? ಕೈಗೆ ಬಂದಿದ್ದು ನಿನ್ನಿಂದ ಹೋತು." ಅತ್ತೆ ಗುತ್ತೆವ್ವ ಒಳಗೆ ಜೋಳ ಹಸನು ಮಾಡುತ್ತಲೇ ಇದ್ದಳು. ಮರುದಿನದಿಂದ ರವಿಕುಮಾರ ಅಣ್ಣನ ಮನೆಗೆ ಬರುವುದನ್ನು ನಿಲ್ಲಿಸಿದ. ಸುದೀಪ ಮಾತ್ರ ಒಮಾನಿನಿಂದ ಫೋನು ಮಾಡಿ, ಕಾರ್ಡನ್ನು ಬ್ಯಾಂಕಿಗೆ ಒಪ್ಪಿಸಿದೆ ಅಕ್ಕಾ ಎಂದು ಹೇಳಿದ. ಅವನ ದನಿಯಲ್ಲಿ ಭಾರ ಇಳಿದಂತಿತ್ತು.

ಕಾಗದಗಳಿಗೆ ಅವಳೇ ಓಡಾಡಿದಳು. ವಾರಸುದಾರರ ಪ್ರಮಾಣಪತ್ರದಲ್ಲಿ ಕೊಟ್ರಪ್ಪ ಎಂದಿತ್ತು, ಪಾಸ್‌ಪೋರ್ಟಿನಲ್ಲಿ ಕೊಟ್ರೇಶ. ತಿದ್ದುಪಡಿಗೆ ಹಾನಗಲ್ಲಿನ ತಾಲೂಕು ಕಚೇರಿಗೆ ಹೋದಾಗಲೆಲ್ಲ ನಾಳೆ ಬರ್ರಿ ಎಂಬ ಉತ್ತರ. ಸಲೀಮ್ ಕೊಟ್ಟ ಮಂಗಳವಾರ ಹತ್ತಿರ ಬಂದಾಗ, ತಾರೀಖು ಮುಂದೆ ಹಾಕಿಸಲು ಅವಳು ಮತ್ತೆ ಸವಣೂರಿನ ಬಸ್ಸು ಹತ್ತಿದಳು. ಮುಸ್ತಾಕ ಸಾಹೇಬರು ನಂಬರು ಒತ್ತಿದರು. ಈ ಸಲ ಎತ್ತಿದ್ದು ಬೇರೆ ದನಿ. ಸಲೀಮ್ ಬೇರೆ ಬ್ರಾಂಚಿಗೆ ವರ್ಗವಾಗಿದ್ದ. ಸಲಾಮಿನಿಂದ ಶುರುಮಾಡಿ, ಒಂದೊಂದೇ ಕುಶಲ ಮುಗಿಸಿ, ಕೊಟ್ರೇಶ ಯಾರೆಂಬುದನ್ನು ಅವರು ಮೊದಲಿನಿಂದ ಹೇಳತೊಡಗಿದರು. ನೀಲಾಂಬಿಕಾ ಪಕ್ಕದಲ್ಲಿ ಕೂತು, ಆ ಮಾತುಗಳ ನಡುವೆ ಗಂಡನ ಹೆಸರು ಯಾವಾಗ ಬರುತ್ತದೆಂದು ಕಿವಿಗೊಟ್ಟು ಕಾಯುತ್ತಿದ್ದಳು.